100 ರೂಪಾಯಿ ಕೊಟ್ಟರೂ 40 ರೂಪಾಯಿ ಬಾಕಿ

ಕಂಪನಿಯೊಂದು 100 ರೂಪಾಯಿ ಮುಖಬೆಲೆಯ ಷೇರುಗಳನ್ನು ಜನರಿಗೆ ಮಾರುತ್ತದೆ. ಒಬ್ಬರು 200 ಷೇರು ಕೊಂಡು, ಪ್ರತಿ ಷೇರಿಗೂ 100 ರೂಪಾಯಿ ಕಟ್ಟಿದ್ದಾರೆ. ಆದರೂ ಕಂಪನಿಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಷೇರೊಂದಕ್ಕೆ 40 ರೂಪಾಯಿ ಬಾಕಿ ಎಂದಿದೆ. ಲೆಕ್ಕ ಬರೆದವರು ತಪ್ಪಿಲ್ಲ. ಷೇರನ್ನು ಪ್ರೀಮಿಯಂ ಸೇರಿಸಿ ಮಾರಿದಾಗ, ಹಣ ಕಂತಿನಲ್ಲಿ ಬರುವಾಗ ಮತ್ತು ಕೊನೆಯ ಕಂತುಗಳನ್ನು ಕೆಲವರು ಕಟ್ಟದೇ ಇದ್ದಾಗ ಹೀಗಾಗುತ್ತದೆ. ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳು ಎಡವುವುದೂ ಇಲ್ಲೇ, ವಾರ್ಷಿಕ ವರದಿ ಬಿಡಿಸಿ ನೋಡುವ ಷೇರುದಾರರಿಗೆ ಗೊಂದಲವಾಗುವುದೂ ಇಲ್ಲೇ.

ಈ ಕಂಪನಿ ಒಟ್ಟು 10,000 ಷೇರುಗಳನ್ನು ನೀಡಿದೆ ಎನ್ನೋಣ. ಮುಖಬೆಲೆ 100, ಅದರ ಮೇಲೆ ಪ್ರೀಮಿಯಂ 40. ಅಂದರೆ ಕೊಳ್ಳುವವರು ಒಟ್ಟಿನಲ್ಲಿ ಕಟ್ಟಬೇಕಾದದ್ದು 140 ರೂಪಾಯಿ. ಅರ್ಜಿ ಹಾಕುವಾಗ 30, ಷೇರು ಹಂಚಿಕೆಯಾದಾಗ 70, ಆಮೇಲೆ ಮೊದಲ ಕರೆಗೆ 25, ಅಂತಿಮ ಕರೆಗೆ 15. ಕರೆ ಎಂದರೆ ಉಳಿದ ಹಣ ಕಟ್ಟಿ ಎಂದು ನಿರ್ದೇಶಕ ಮಂಡಳಿ ಷೇರುದಾರರನ್ನು ಕೇಳುವುದು. ಕಂಪನಿ ಕಾಯ್ದೆಯ ಮಾದರಿ ನಿಯಮಾವಳಿಯಾದ ಟೇಬಲ್ ಎಫ್ ಪ್ರಕಾರ ಇದಕ್ಕೆ ಕನಿಷ್ಠ 14 ದಿನಗಳ ನೋಟಿಸ್ ಕೊಡಬೇಕು. ಒಂದು ಕರೆ ಮುಖಬೆಲೆಯ ಕಾಲು ಭಾಗವನ್ನು ಮೀರಬಾರದು, ಎರಡು ಕರೆಗಳ ನಡುವೆ ಕನಿಷ್ಠ ಒಂದು ತಿಂಗಳಿರಬೇಕು.

ಮೇಲಿನ ನಾಲ್ಕು ಕಂತುಗಳಲ್ಲಿ ಹಂಚಿಕೆಯ 70 ರೂಪಾಯಿಯನ್ನು ಬಿಡಿಸಿ ನೋಡಬೇಕು. ಅದರಲ್ಲಿ 30 ಮಾತ್ರ ಬಂಡವಾಳ, ಉಳಿದ 40 ಪ್ರೀಮಿಯಂ. ನಮ್ಮ 200 ಷೇರಿನವರು ಅರ್ಜಿಯ 30 ಮತ್ತು ಹಂಚಿಕೆಯ 70 ಕಟ್ಟಿ ನಿಲ್ಲಿಸಿದರು. ಜೇಬಿನಿಂದ 100 ಹೋಯಿತು, ಆದರೆ ಬಂಡವಾಳಕ್ಕೆ ಸೇರಿದ್ದು 60. ಮುಖಬೆಲೆ ತುಂಬಲು ಇನ್ನೂ 40 ಬೇಕು. ಪ್ರೀಮಿಯಂ ಎಷ್ಟೇ ದೊಡ್ಡದಿರಲಿ, ಅದು ಮುಖಬೆಲೆಯ ಒಂದು ರೂಪಾಯಿಯನ್ನೂ ತೀರಿಸುವುದಿಲ್ಲ. ಇಡೀ ವಿಷಯದ ಹುರುಳು ಇದೇ. ಇದನ್ನು ಹಿಡಿದುಕೊಂಡರೆ ಮುಂದಿನ ದಾಖಲೆಗಳೆಲ್ಲ ಸಲೀಸು.

ಪ್ರೀಮಿಯಂ ಅನ್ನು ಇಷ್ಟು ಕಟ್ಟುನಿಟ್ಟಾಗಿ ಬೇರೆ ಇಡುವುದು ಯಾಕೆ? 2013ರ ಕಂಪನಿ ಕಾಯ್ದೆಯ 52ನೇ ವಿಧಿ ಅದನ್ನು ಸೆಕ್ಯುರಿಟೀಸ್ ಪ್ರೀಮಿಯಂ ಎಂಬ ಪ್ರತ್ಯೇಕ ಖಾತೆಯಲ್ಲೇ ಇಡಬೇಕೆನ್ನುತ್ತದೆ. ಅದನ್ನು ಬಳಸಬಹುದಾದ ಸಂದರ್ಭಗಳನ್ನೂ ಕಾಯ್ದೆಯೇ ಹೇಳಿದೆ. ಬೋನಸ್ ಷೇರು ಕೊಡಲು, ಷೇರು ನೀಡಿಕೆಯ ಖರ್ಚನ್ನು ತೊಡೆಯಲು, ತನ್ನದೇ ಷೇರುಗಳನ್ನು ಮರಳಿ ಕೊಳ್ಳಲು, ಹೀಗೆ ಕೆಲವೇ ಕೆಲಸಗಳಿಗೆ ಅದು ಮೀಸಲು. ಲಾಭವೆಂದು ಅದನ್ನು ಲಾಭಾಂಶವಾಗಿ ಹಂಚುವಂತಿಲ್ಲ. ಆದ್ದರಿಂದ ಯಾವ ರೂಪಾಯಿ ಯಾವ ಖಾತೆಗೆ ಹೋಯಿತು ಎನ್ನುವುದನ್ನು ಬರೀ ಪರೀಕ್ಷೆಯ ಅಂಕದ ಪ್ರಶ್ನೆಯೆಂದು ತಿಳಿಯಬಾರದು.

ಈಗ ಪುಸ್ತಕ ಬರೆಯೋಣ. ಪ್ರತಿ ಕಂತಿಗೂ ಎರಡು ಹೆಜ್ಜೆ. ಇಷ್ಟು ಬರಬೇಕು ಎನ್ನುವುದು ಒಂದು, ಇಷ್ಟು ಬಂತು ಎನ್ನುವುದು ಇನ್ನೊಂದು. ಅರ್ಜಿಯಲ್ಲಿ ಮಾತ್ರ ಈ ಕ್ರಮ ತಿರುಗಿರುತ್ತದೆ. ಅರ್ಜಿಯೊಂದಿಗೆ ಹಣ ಮೊದಲು ಬರುತ್ತದೆ, ಷೇರು ಕೊಡುವ ತೀರ್ಮಾನ ಆಮೇಲೆ. ಹಾಗಾಗಿ 3,00,000 ರೂಪಾಯಿ ಬಂದಾಗ ಬ್ಯಾಂಕ್ ಖಾತೆಗೆ ಡೆಬಿಟ್, ಷೇರು ಅರ್ಜಿ ಖಾತೆಗೆ ಕ್ರೆಡಿಟ್. ಆಗಿನ್ನೂ ಅದು ಬಂಡವಾಳವಲ್ಲ, ಅರ್ಜಿದಾರರದೇ ಹಣ. ಮಂಡಳಿ ಹಂಚಿಕೆಯ ನಿರ್ಣಯ ಮಾಡಿದ ಮೇಲೆ ಅರ್ಜಿ ಖಾತೆಗೆ ಡೆಬಿಟ್ ಕೊಟ್ಟು ಷೇರು ಬಂಡವಾಳ ಖಾತೆಗೆ ಸಾಗಿಸಬೇಕು.

ಹಂಚಿಕೆಯ ಹೊತ್ತಿಗೆ ಬರಬೇಕಾದದ್ದು 7,00,000. ಹಂಚಿಕೆ ಖಾತೆಗೆ ಪೂರ್ತಿ 7,00,000 ಡೆಬಿಟ್. ಕ್ರೆಡಿಟ್ ಮಾತ್ರ ಇಲ್ಲಿ ಕವಲೊಡೆಯುತ್ತದೆ. 3,00,000 ಷೇರು ಬಂಡವಾಳಕ್ಕೆ, 4,00,000 ಸೆಕ್ಯುರಿಟೀಸ್ ಪ್ರೀಮಿಯಂಗೆ. ನಮ್ಮ ಉದಾಹರಣೆಯಲ್ಲಿ ಈ ಹಣವನ್ನು ಎಲ್ಲರೂ ಕಟ್ಟಿದ್ದಾರೆ. ಬ್ಯಾಂಕಿಗೆ 7,00,000 ಡೆಬಿಟ್ ಮಾಡಿ, ಹಂಚಿಕೆ ಖಾತೆಗೆ ಅಷ್ಟನ್ನೇ ಕ್ರೆಡಿಟ್ ಮಾಡಿದರೆ ಅದು ಮುಚ್ಚಿಹೋಗುತ್ತದೆ. ಪ್ರೀಮಿಯಂ ಕತೆಯೂ ಇಲ್ಲಿಗೆ ಮುಗಿಯಿತು. ಅದು ಪೂರ್ತಿ ಕೈಸೇರಿದೆ, ಇನ್ನು ಮುಂದೆ ಬಾಕಿಯಾಗುವುದೆಲ್ಲ ಬಂಡವಾಳದ ಭಾಗ ಮಾತ್ರ.

ಮೊದಲ ಕರೆಗೆ 2,50,000 ಬರಬೇಕು. ಮೊದಲ ಕರೆ ಖಾತೆಗೆ ಡೆಬಿಟ್, ಷೇರು ಬಂಡವಾಳಕ್ಕೆ ಕ್ರೆಡಿಟ್. ಕೆಲವರು ಕಟ್ಟುವುದಿಲ್ಲವೆಂದು ಗೊತ್ತಿದ್ದರೂ ಇಲ್ಲಿ ಪೂರ್ತಿ ಮೊತ್ತವನ್ನೇ ಬರೆಯಬೇಕು, ಏಕೆಂದರೆ ಕರೆಯನ್ನು ಎಲ್ಲರಿಗೂ ಒಂದೇ ಸಮನಾಗಿ ಕೊಡಲಾಗಿದೆ. 200 ಷೇರಿನವರು ಕಟ್ಟಲಿಲ್ಲ, 5,000 ಕಡಿಮೆ ಬಂತು. ಆಗ ಬ್ಯಾಂಕಿಗೆ 2,45,000 ಡೆಬಿಟ್, ಬಾಕಿ ಕರೆಗಳ ಖಾತೆಗೆ 5,000 ಡೆಬಿಟ್, ಮೊದಲ ಕರೆ ಖಾತೆಗೆ 2,50,000 ಕ್ರೆಡಿಟ್. ಅಂತಿಮ ಕರೆಯಲ್ಲಿ ಅದೇ ವ್ಯಕ್ತಿ ಮತ್ತೆ 3,000 ಕಟ್ಟಲಿಲ್ಲ. ಅವರ ಜೊತೆಗೆ 100 ಷೇರು ಹೊಂದಿದ ಇನ್ನೊಬ್ಬರೂ 1,500 ಉಳಿಸಿಕೊಂಡರು. ಬರಬೇಕಾದ 1,50,000ದಲ್ಲಿ ಬ್ಯಾಂಕಿಗೆ ಬಂದದ್ದು 1,45,500, ಬಾಕಿ ಕರೆಗಳ ಖಾತೆಗೆ 4,500. ಎರಡೂ ಸೇರಿ ಬಾಕಿ 9,500.

ಕೆಲವು ಲೆಕ್ಕಿಗರು ಬಾಕಿ ಕರೆಗಳ ಖಾತೆ ತೆರೆಯದೆ, ಆಯಾ ಕರೆಯ ಖಾತೆಯಲ್ಲೇ ಶಿಲ್ಕು ಉಳಿಸುತ್ತಾರೆ. ಅದೂ ಸರಿಯೇ. ಆದರೆ ಯಾರು ಎಷ್ಟು ಬಾಕಿ ಎಂದು ಒಂದೇ ಕಡೆ ಕಾಣುವ ಅನುಕೂಲ ಪ್ರತ್ಯೇಕ ಖಾತೆಯಲ್ಲಿದೆ. ನನ್ನ ಮತ ಅದಕ್ಕೇ.

ಬರೆದದ್ದು ಸರಿಯಿದೆಯೇ ಎಂದು ನೋಡಿಕೊಳ್ಳಲು ಬ್ಯಾಂಕ್ ಖಾತೆ ಸಾಕು. ಎಲ್ಲರೂ ಎಲ್ಲ ಕಂತನ್ನೂ ಕಟ್ಟಿದ್ದರೆ 14,00,000 ಬರುತ್ತಿತ್ತು. ಈಗ ಬಂದಿರುವುದು 13,90,500. ಕೊರತೆ 9,500, ಬಾಕಿ ಕರೆಗಳ ಮೊತ್ತವೂ ಅದೇ. ಇವೆರಡು ತಾಳೆಯಾಗದಿದ್ದರೆ ಯಾವುದೋ ಕಂತಿನಲ್ಲಿ ಬರಬೇಕಾದದ್ದಕ್ಕೂ ಬಂದದ್ದಕ್ಕೂ ಲೆಕ್ಕ ತಪ್ಪಿದೆ ಎಂದರ್ಥ.

ಆಸ್ತಿ ಹೊಣೆ ಪಟ್ಟಿಯಲ್ಲಿ ಈ 9,500 ಎಲ್ಲಿ ಕೂರಬೇಕು? ಡೆಬಿಟ್ ಶಿಲ್ಕು ಇದೆ, ಯಾರೋ ಕೊಡಬೇಕಾದ ಹಣ ಎಂದುಕೊಂಡು ಅನೇಕರು ಅದನ್ನು ಆಸ್ತಿಯ ಕಡೆ ಹಾಕುತ್ತಾರೆ. ಇನ್ನು ಕೆಲವರು ಪ್ರೀಮಿಯಂನಿಂದ ಕಳೆದುಬಿಡುತ್ತಾರೆ. ಎರಡೂ ತಪ್ಪು. ಅದನ್ನು ಷೇರು ಬಂಡವಾಳದಿಂದಲೇ ಕಳೆದು ತೋರಿಸಬೇಕು. ಎಲ್ಲ ಕಂತನ್ನೂ ಕಟ್ಟಿದ 9,700 ಷೇರುಗಳದ್ದು 9,70,000. ಪೂರ್ತಿ ಪಾವತಿಯಾಗದ 300 ಷೇರುಗಳದ್ದು 30,000, ಅದರಲ್ಲಿ ಬಾಕಿ 9,500 ಕಳೆದರೆ 20,500. ಒಟ್ಟು ಪಾವತಿಯಾದ ಬಂಡವಾಳ 9,90,500. ಪ್ರೀಮಿಯಂ ಇದರ ಕೆಳಗೆ, ಮೀಸಲು ಮತ್ತು ಹೆಚ್ಚುವರಿಯ ಅಡಿಯಲ್ಲಿ, 4,00,000 ಎಂದು ಹಾಗೇ ನಿಲ್ಲುತ್ತದೆ. ಕಾಯ್ದೆಯ ಮೂರನೇ ಅನುಸೂಚಿ ಇನ್ನೂ ಒಂದು ವಿವರ ಕೇಳುತ್ತದೆ. ಬಾಕಿಯಲ್ಲಿ ನಿರ್ದೇಶಕರು ಮತ್ತು ಅಧಿಕಾರಿಗಳದ್ದು ಎಷ್ಟು, ಉಳಿದವರದ್ದು ಎಷ್ಟು ಎಂದು ಬೇರೆಬೇರೆಯಾಗಿ ಹೇಳಬೇಕು. ಕರೆ ಕೊಟ್ಟ ನಿರ್ದೇಶಕರೇ ಹಣ ಕಟ್ಟಿಲ್ಲವೇ ಎಂಬುದನ್ನು ಓದುಗರು ಅಲ್ಲಿ ನೋಡಬಹುದು. ವಾರ್ಷಿಕ ವರದಿ ಕೈಗೆ ಬಂದರೆ ನಾನು ಈ ಸಾಲನ್ನು ತಪ್ಪದೆ ಹುಡುಕುತ್ತೇನೆ.

ಬಾಕಿ ಉಳಿಸಿಕೊಂಡವರಿಗೆ ಆಗುವ ನಷ್ಟವೂ ಇದೇ ಅಂಕಿಗಳಿಂದ ಹುಟ್ಟುತ್ತದೆ. ಟೇಬಲ್ ಎಫ್ ಪ್ರಕಾರ ಬಾಕಿಗೆ ವರ್ಷಕ್ಕೆ ಶೇ. 10ರವರೆಗೆ ಬಡ್ಡಿ ಹಾಕಬಹುದು. 5,000 ರೂಪಾಯಿ ಮೂರು ತಿಂಗಳು ತಡವಾದರೆ 125 ರೂಪಾಯಿ. ಇದು ಕಂಪನಿಯ ಆದಾಯ, ಲಾಭ ನಷ್ಟ ಖಾತೆಗೆ ಹೋಗಬೇಕು, ಬಂಡವಾಳಕ್ಕೂ ಅಲ್ಲ ಪ್ರೀಮಿಯಂಗೂ ಅಲ್ಲ. ಮಂಡಳಿ ಬೇಕೆಂದರೆ ಬಡ್ಡಿ ಮನ್ನಾ ಮಾಡಬಹುದು. ಲಾಭಾಂಶದಲ್ಲೂ ವ್ಯತ್ಯಾಸ ಬರಬಹುದು. ನಿಯಮಾವಳಿಯಲ್ಲಿ ಅವಕಾಶವಿದ್ದರೆ ಪಾವತಿಯಾದ ಬಂಡವಾಳದ ಪ್ರಮಾಣದಲ್ಲೇ ಲಾಭಾಂಶ ಕೊಡಲು 51ನೇ ವಿಧಿ ಒಪ್ಪುತ್ತದೆ. ಶೇ. 10 ಲಾಭಾಂಶ ಘೋಷಿಸಿದರೆ ಪೂರ್ತಿ ಕಟ್ಟಿದವರಿಗೆ ಷೇರಿಗೆ 10 ರೂಪಾಯಿ, ನಮ್ಮ 200 ಷೇರಿನವರಿಗೆ 6 ರೂಪಾಯಿ. 100 ಕಟ್ಟಿದ್ದೇನಲ್ಲ ಎಂದು ಅವರು ಕೇಳಿದರೆ ಉತ್ತರ ಮತ್ತೆ ಅದೇ, ಅದರಲ್ಲಿ 40 ಪ್ರೀಮಿಯಂ.

ನೋಟಿಸ್ ಕೊಟ್ಟರೂ ಹಣ ಬರದಿದ್ದರೆ ಮಂಡಳಿ ಆ ಷೇರುಗಳನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. 200 ಷೇರುಗಳಿಗೆ ಬಂಡವಾಳ ಖಾತೆಗೆ 20,000 ಡೆಬಿಟ್, ಬಾಕಿ ಕರೆಗಳಿಗೆ 8,000 ಕ್ರೆಡಿಟ್, ಅವರು ಬಂಡವಾಳಕ್ಕೆಂದು ಕಟ್ಟಿದ್ದ 12,000 ಷೇರು ಮುಟ್ಟುಗೋಲು ಖಾತೆಗೆ ಕ್ರೆಡಿಟ್. ಅವರು ಕೊಟ್ಟಿದ್ದ 8,000 ರೂಪಾಯಿ ಪ್ರೀಮಿಯಂ ಈ ದಾಖಲೆಯಲ್ಲಿ ಸುಳಿಯುವುದೇ ಇಲ್ಲ. ಒಮ್ಮೆ ಕೈಸೇರಿದ ಪ್ರೀಮಿಯಂ ಅನ್ನು ಮುಟ್ಟುಗೋಲಿನಲ್ಲಿ ಹಿಂದೆ ತೆಗೆಯುವಂತಿಲ್ಲ.

ಆದರೆ ಬಾರದ ಕಂತಿನ ಒಳಗೇ ಪ್ರೀಮಿಯಂ ಇದ್ದರೆ? 2020ರಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ ನೀಡಿದ ಹಕ್ಕಿನ ಷೇರುಗಳ ರಚನೆ ಹಾಗಿತ್ತು. 10 ರೂಪಾಯಿ ಮುಖಬೆಲೆಯ ಷೇರಿಗೆ 1,257 ರೂಪಾಯಿ. ಅರ್ಜಿಯ ಜೊತೆ 314.25, 2021ರ ಮೇ ತಿಂಗಳ ಕರೆಗೆ ಮತ್ತೆ 314.25, ಅದೇ ನವೆಂಬರ್‌ನ ಅಂತಿಮ ಕರೆಗೆ 628.50. ಪ್ರತಿ ಕಂತಿನಲ್ಲೂ ಬಂಡವಾಳ, ಪ್ರೀಮಿಯಂ ಎರಡೂ ಬೆರೆತಿದ್ದವು. ಅಂತಿಮ ಕರೆಯಲ್ಲಿ ಬಂಡವಾಳ 5 ರೂಪಾಯಿ, ಪ್ರೀಮಿಯಂ 623.50. ಇಂಥ ರಚನೆಯಲ್ಲಿ ಒಂದು ಷೇರಿನ ಅಂತಿಮ ಕರೆ ಬಾಕಿಯಾಗಿ, ಅದು ಮುಟ್ಟುಗೋಲಾಯಿತು ಎಂದುಕೊಂಡರೆ ದಾಖಲೆ ಬದಲಾಗುತ್ತದೆ. ಬಂಡವಾಳ ಖಾತೆಗೆ 10 ಡೆಬಿಟ್ ಆಗುವುದರ ಜೊತೆಗೆ, ಬಾರದೇ ಉಳಿದ 623.50 ಪ್ರೀಮಿಯಂ ಖಾತೆಯಿಂದಲೂ ಡೆಬಿಟ್ ಆಗಬೇಕು, ಏಕೆಂದರೆ ಕರೆ ಕೊಟ್ಟಾಗ ಅದನ್ನು ಆ ಖಾತೆಗೆ ಕ್ರೆಡಿಟ್ ಮಾಡಿದ್ದು ಬರುತ್ತದೆಂಬ ಲೆಕ್ಕದಲ್ಲಿ. ಬಾಕಿ ಕರೆಗಳಿಗೆ 628.50, ಮುಟ್ಟುಗೋಲು ಖಾತೆಗೆ 5 ಕ್ರೆಡಿಟ್. ಮೊದಲ ಎರಡು ಕಂತುಗಳಲ್ಲಿ ಬಂದಿದ್ದ 623.50 ಪ್ರೀಮಿಯಂ ಮಾತ್ರ ಕಂಪನಿಯ ಖಾತೆಯಲ್ಲೇ ಉಳಿಯುತ್ತದೆ.