ಬಸ್ಸಿನಲ್ಲಿ ಕೇಳುವ ಹೃದಯದ ಪಾಠ

ಹತ್ತನೇ ತರಗತಿಯ ವಿಜ್ಞಾನದಲ್ಲಿ ‘ಜೀವಕ್ರಿಯೆಗಳು’ ಎಂಬ ದೊಡ್ಡ ಅಧ್ಯಾಯವಿದೆ. ಪರೀಕ್ಷೆ ಹತ್ತಿರ ಬಂದಾಗ ಅದನ್ನು ಪುಸ್ತಕ ನೋಡಿಕೊಂಡು ಓದಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬಸ್ಸಿನಲ್ಲಿ ಕೇಳುವ ಮಕ್ಕಳಿದ್ದಾರೆ. ಶ್ರಮ ದೊಡ್ಡದು, ಫಲ ಕಡಿಮೆ. ಪುಸ್ತಕದ ವಾಕ್ಯ ತಿಳಿಯದಿದ್ದರೆ ಕಣ್ಣು ಮತ್ತೆ ಒಂದು ಸಾಲು ಮೇಲಕ್ಕೆ ಹೋಗಿ ಬರುತ್ತದೆ. ಕಿವಿಗೆ ಆ ಅನುಕೂಲವಿಲ್ಲ. ಹಾಗಾಗಿ ಕೇಳುವುದಕ್ಕೆಂದೇ ಬೇರೆ ಬರೆದುಕೊಳ್ಳಬೇಕು.

ಮೊದಲು ಅಧ್ಯಾಯವನ್ನು ಎರಡೆರಡು ನಿಮಿಷದ ತುಣುಕುಗಳಾಗಿ ಒಡೆಯಿರಿ. ಒಂದು ತುಣುಕಿಗೆ ಒಂದೇ ಪ್ರಶ್ನೆ. ರಕ್ತ ಹೃದಯದೊಳಗೆ ಯಾವ ದಾರಿಯಲ್ಲಿ ಸಾಗುತ್ತದೆ ಎಂಬುದನ್ನೇ ತೆಗೆದುಕೊಳ್ಳೋಣ. ಬರಹ ಹೀಗಿರಬಹುದು:

“ಮೈಯೆಲ್ಲ ಸುತ್ತಿ ಬಂದ ರಕ್ತದಲ್ಲಿ ಈಗ ಆಕ್ಸಿಜನ್ ಕಡಿಮೆ. ಅದು ಬರುವುದು ಹೃದಯದ ಬಲಭಾಗಕ್ಕೆ. ಮೊದಲು ಮೇಲಿನ ಕೋಣೆ, ಬಲ ಹೃತ್ಕರ್ಣ. ಆಮೇಲೆ ಕೆಳಗಿನ ಕೋಣೆ, ಬಲ ಹೃತ್ಕುಕ್ಷಿ. ಅಲ್ಲಿಂದ ಎಲ್ಲಿಗೆ ಹೋಗುತ್ತದೆ, ಹೇಳು?”

ಇಲ್ಲಿ ಐದಾರು ಸೆಕೆಂಡು ಮೌನ. ಆಮೇಲೆ ಉತ್ತರ: “ಶ್ವಾಸಕೋಶಕ್ಕೆ. ಅಲ್ಲಿ ಆಕ್ಸಿಜನ್ ತುಂಬಿಕೊಂಡು ಎಡ ಹೃತ್ಕರ್ಣಕ್ಕೆ, ಎಡ ಹೃತ್ಕುಕ್ಷಿಗೆ, ಕೊನೆಗೆ ಮತ್ತೆ ಮೈಗೆಲ್ಲ.”

ಆ ಮೌನವನ್ನು ಉಳಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಓದಿದ್ದನ್ನೇ ಮತ್ತೆ ಓದಿದವರಿಗಿಂತ, ನೆನಪಿನಿಂದ ಬರೆದು ನೋಡಿದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು ಎಂದು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮಾತ್ರ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಈಗಷ್ಟೇ ಕೇಳಿದ ಪಾಠ ಪೂರ್ತಿ ಬರುತ್ತದೆ ಅನಿಸುವುದನ್ನು ನಂಬಬಾರದು ಎನ್ನುವುದು ಇದಕ್ಕೇ.

ಇನ್ನೊಂದು ತೊಡಕು ಬಸ್ಸಿನ ಸದ್ದಿನದು. ‘ಅಪಧಮನಿ’, ‘ಅಭಿಧಮನಿ’ ಎರಡೂ ಆ ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತವೆ. ಬರಿ ಹೆಸರು ಹೇಳಿ ಬಿಡಬೇಡಿ. “ಹೃದಯದಿಂದ ಹೊರಗೆ ಒಯ್ಯುವ ಅಪಧಮನಿ”, “ಹೃದಯಕ್ಕೆ ತರುವ ಅಭಿಧಮನಿ” ಎಂದೇ ಪ್ರತಿ ಸಲ ಹೇಳಿ. ಇದರಿಂದ ಇನ್ನೊಂದು ಲಾಭವೂ ಉಂಟು. ಅಪಧಮನಿಯಲ್ಲಿ ಯಾವಾಗಲೂ ಆಕ್ಸಿಜನ್ ತುಂಬಿದ ರಕ್ತವೇ ಇರುತ್ತದೆ ಎಂದು ಬಹಳ ಮಕ್ಕಳು ತಿಳಿದಿರುತ್ತಾರೆ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಇರುವುದು ಆಕ್ಸಿಜನ್ ಕಡಿಮೆಯಾದ ರಕ್ತ. ಹೆಸರು ಬಂದಿರುವುದು ರಕ್ತ ಹೋಗುವ ದಿಕ್ಕಿನಿಂದ ಎಂಬುದು ಕೇಳುತ್ತ ಕೇಳುತ್ತ ತಾನಾಗಿಯೇ ಕೂರುತ್ತದೆ.

ಚಿತ್ರ ಬರೆಯುವುದನ್ನು ಮಾತ್ರ ಕಿವಿ ಕಲಿಸಲಾರದು, ಅದನ್ನು ಮನೆಯಲ್ಲಿ ಪೆನ್ಸಿಲ್ ಹಿಡಿದೇ ಕಲಿಯಬೇಕು. ಪುಸ್ತಕದ ಚಿತ್ರದಲ್ಲಿ ಹೃದಯದ ಬಲಭಾಗ ನಮ್ಮ ಎಡಗೈ ಕಡೆಗೆ ಇರುತ್ತದೆ ಎಂಬುದನ್ನು ಆಗ ನೋಡಿಕೊಳ್ಳಿ.

ನಾಲ್ಕು ದಿನ ಕೇಳಿದ ಮೇಲೆ ಧ್ವನಿಯ ಜೊತೆಜೊತೆಗೇ ಉತ್ತರ ಬಾಯಿಗೆ ಬರತೊಡಗುತ್ತದೆ. ಅದು ಬರಿ ರಾಗ ನೆನಪಿರುವುದೂ ಆಗಿರಬಹುದು. ಪರೀಕ್ಷಿಸಲು ಅದೇ ತುಣುಕನ್ನು ನಡುವಿನಿಂದ ಶುರುಮಾಡಿ ಮತ್ತೊಮ್ಮೆ ರೆಕಾರ್ಡ್ ಮಾಡಿ: “ಶ್ವಾಸಕೋಶದಿಂದ ಬಂದ ರಕ್ತ ಮೊದಲು ಯಾವ ಕೋಣೆಗೆ ಹೋಗುತ್ತದೆ?” ಇಲ್ಲಿ ತಡವರಿಸಿದರೆ ಆ ತುಣುಕನ್ನು ಇನ್ನೂ ಎರಡು ದಿನ ಪಟ್ಟಿಯಲ್ಲಿ ಇಟ್ಟುಕೊಳ್ಳಿ.