ಇಂಜಿನು ಓಡುತ್ತದೆ, ಸಿಂಪರಣೆ ಏಕೆ ಸೊರಗುತ್ತದೆ?

ಮಾವು ಹೂ ಬಿಡುವ ಕಾಲದಲ್ಲಿ ಶ್ರೀನಿವಾಸಪುರದ ತೋಪುಗಳ ಪಕ್ಕದಲ್ಲಿ ನಡೆದುಹೋಗುವವರಿಗೆ ಒಂದು ಸದ್ದು ಚೆನ್ನಾಗಿ ಪರಿಚಿತ. ಅದು ಬೆನ್ನಿಗೆ ಹೊತ್ತ ಔಷಧಿ ಸಿಂಪಡಿಸುವ ಯಂತ್ರದ ಪುಟ್ಟ ಇಂಜಿನಿನ ಮೊರೆತ. ಮಾಲೂರಿನ ತರಕಾರಿ ತೋಟಗಳಲ್ಲಿಯೂ, ಕೋಲಾರ ಮುಳಬಾಗಿಲುಗಳ ಟೊಮೆಟೊ ಹೊಲಗಳಲ್ಲಿಯೂ ಇದೇ ಸದ್ದು ಕೇಳಿಬರುತ್ತದೆ. ಇಂಜಿನು ಜೋರಾಗಿ ಮೊರೆಯುತ್ತಿದ್ದರೆ ಕೆಲಸ ಚೆನ್ನಾಗಿ ಸಾಗುತ್ತಿದೆಯೆಂದು ನಾವು ನಂಬುತ್ತೇವೆ. ಆದರೆ ಆ ನಂಬಿಕೆಗೆ ಆಧಾರ ಸಾಲದು. ಇಂಜಿನಿಗೂ ತುಂತುರಿಗೂ ನಡುವೆ ಒಂದು ಪಂಪು ಇದೆ. ಇಂಜಿನು ಸರಿಯಾಗಿದ್ದು ಪಂಪು ಸೊರಗಿದ್ದರೆ ಸದ್ದು ಮೊದಲಿನಂತೆಯೇ ಇರುತ್ತದೆ, ಔಷಧಿ ಮಾತ್ರ ಗಿಡಕ್ಕೆ ಮುಟ್ಟುವುದಿಲ್ಲ.

ಮುಳಬಾಗಿಲಿನ ಕಡೆಯ ಒಂದು ಟೊಮೆಟೊ ತೋಟದಲ್ಲಿ ನಾವು ಇಂತಹ ಯಂತ್ರವೊಂದನ್ನು ಪರೀಕ್ಷಿಸಿದೆವು. ತೋಟದ ಯಜಮಾನರು ಬೇಸತ್ತಿದ್ದರು. “ಔಷಧಿಯೇ ಕಳಪೆ ಇರಬೇಕು, ಮೇಷ್ಟ್ರೆ. ಎರಡರಷ್ಟು ಹಾಕಿ ಹೊಡೆದರೂ ಎಲೆಚುಕ್ಕೆ ನಿಲ್ಲಲಿಲ್ಲ” ಎಂದರು. ಯಂತ್ರದಂಗಡಿಯವರು ಡಯಾಫ್ರಮ್ ಹೋಗಿದೆ, ಬದಲಾಯಿಸಬೇಕು ಎಂದಿದ್ದರಂತೆ. ನಾವು ಏನನ್ನೂ ಬಿಚ್ಚುವ ಮೊದಲು ಒಂದು ಅಳತೆ ಮಾಡೋಣ ಎಂದೆವು.

ಯಂತ್ರದಲ್ಲಿದ್ದ ಔಷಧಿಯನ್ನು ತೆಗೆದು, ತೊಟ್ಟಿಯನ್ನು ಚೆನ್ನಾಗಿ ತೊಳೆದು, ಶುದ್ಧ ನೀರನ್ನು ತುಂಬಿದೆವು. ನಾಜಲ್ಲನ್ನು ಬಿಚ್ಚಿ ತೊಳೆದು, ಅದರ ರಂಧ್ರ ಕಟ್ಟಿಲ್ಲವೆಂದು ಖಚಿತಪಡಿಸಿಕೊಂಡೆವು. ಒತ್ತಡ ನಿಯಂತ್ರಿಸುವ ತಿರುಪು ಎಂದಿನ ಗುರುತಿನಲ್ಲಿಯೇ ಇತ್ತು. ಅನಂತರ ತುಂತುರನ್ನು ಅಳತೆಯ ಪಾತ್ರೆಗೆ ಬಿಟ್ಟು ಒಂದು ನಿಮಿಷ ಹಿಡಿದೆವು. 600 ಮಿಲಿಲೀಟರು ಬಂದಿತು. ಯಂತ್ರ ಹೊಸದಾಗಿದ್ದಾಗ ಇದೇ ನಾಜಲ್ಲಿನಿಂದ 1200 ಮಿಲಿಲೀಟರು ಬರುತ್ತಿತ್ತೆಂದು ಯಜಮಾನರ ಮಗ ಪುಸ್ತಕದಲ್ಲಿ ಗುರುತು ಹಾಕಿಟ್ಟಿದ್ದನು.

ನೀರು ಅರ್ಧಕ್ಕೆ ಇಳಿದಿದೆ. ಹಾಗಾದರೆ ಒತ್ತಡವೂ ಅರ್ಧಕ್ಕೆ ಇಳಿದಿದೆಯೆ? ಇಲ್ಲ. ಕಿರಿದಾದ ರಂಧ್ರದ ಮೂಲಕ ಹೊರಬರುವ ದ್ರವದ ವೇಗವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ ಹರಿವು ಅರ್ಧವಾಗಬೇಕಾದರೆ ಒತ್ತಡ ಕಾಲುಭಾಗಕ್ಕೆ ಇಳಿದಿರಬೇಕು. ಮೊದಲು ಚದರ ಸೆಂಟಿಮೀಟರಿಗೆ 12 ಕಿಲೋಗ್ರಾಂ ಇದ್ದರೆ ಈಗ ಉಳಿದಿರುವುದು ಕೇವಲ 3. ಒತ್ತಡ ಇಳಿದಂತೆ ಹನಿಗಳು ದಪ್ಪವಾಗುತ್ತವೆ. ದಪ್ಪ ಹನಿ ಎಲೆಯ ಮೇಲೆ ನಿಲ್ಲದೆ ಉರುಳಿ ನೆಲಕ್ಕೆ ಬೀಳುತ್ತದೆ, ಎಲೆಯ ಅಡಿಭಾಗವನ್ನಂತೂ ತಲಪುವುದಿಲ್ಲ. ಮಾವಿನ ಮರಕ್ಕಾದರೆ ಇನ್ನೊಂದು ತೊಂದರೆಯೂ ಉಂಟು. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನೇರವಾಗಿ ಚಿಮ್ಮುವ ಧಾರೆಯ ಎತ್ತರ ಒತ್ತಡಕ್ಕೆ ಅನುಗುಣ. ಕಾಲುಭಾಗ ಒತ್ತಡದ ಧಾರೆ ಕಾಲುಭಾಗ ಎತ್ತರಕ್ಕೆ ಮಾತ್ರ ಏರೀತು. ಹೀಗಿರುವಾಗ ಔಷಧಿಯ ಪ್ರಮಾಣವನ್ನು ಇಮ್ಮಡಿ ಮಾಡಿದರೆ ಹಣವೂ ವಿಷವೂ ನೆಲದ ಪಾಲಾಗುವುವೇ ಹೊರತು ರೋಗ ನಿಲ್ಲುವುದಿಲ್ಲ.

ಒತ್ತಡ ಎಲ್ಲಿ ಸೋರಿಹೋಯಿತು ಎಂಬುದನ್ನು ತಿಳಿಯಬೇಕಾದರೆ ಪಂಪಿನ ಕೆಲಸವನ್ನು ಅರಿತಿರಬೇಕು. ಪಂಪಿನ ಕೋಣೆಯ ಒಂದು ಗೋಡೆ ಗಟ್ಟಿ ಲೋಹದ್ದಲ್ಲ, ಬಾಗುವ ರಬ್ಬರಿನ ಪೊರೆ. ಇದೇ ಡಯಾಫ್ರಮ್. ಇಂಜಿನು ಇದನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತದೆ. ಪೊರೆ ಹಿಂದೆ ಸರಿದಾಗ ಕೋಣೆ ಹಿಗ್ಗಿ ತೊಟ್ಟಿಯ ಕಡೆಯ ಕವಾಟ ತೆರೆದುಕೊಳ್ಳುತ್ತದೆ, ನೀರು ಒಳಬರುತ್ತದೆ. ಪೊರೆ ಮುಂದೆ ಬಂದಾಗ ಆ ಕವಾಟ ಮುಚ್ಚಿ ನಾಜಲ್ಲಿನ ಕಡೆಯ ಕವಾಟ ತೆರೆಯುತ್ತದೆ, ನೀರು ಹೊರದೂಡಲ್ಪಡುತ್ತದೆ. ತೊಟ್ಟಿಗೂ ಮೊದಲ ಕವಾಟಕ್ಕೂ ನಡುವೆ ಕಸವನ್ನು ತಡೆಯುವ ಜಾಲರಿ ಇರುತ್ತದೆ. ಜಾಲರಿ, ಕವಾಟ, ಪೊರೆ, ಈ ಮೂರರಲ್ಲಿ ಯಾವುದು ಕೆಟ್ಟರೂ ತುಂತುರು ಸೊರಗುತ್ತದೆ. ಆದರೆ ಅವು ಸೊರಗಿಸುವ ರೀತಿ ಬೇರೆ ಬೇರೆ.

ಪಂಪು ನೀರನ್ನು ಎಳೆದುಕೊಳ್ಳುತ್ತದೆ ಎನ್ನುವುದು ವಾಡಿಕೆಯ ಮಾತು. ವಾಸ್ತವವಾಗಿ ಪೊರೆ ಹಿಂದೆ ಸರಿದು ಕೋಣೆಯ ಒತ್ತಡವನ್ನು ಇಳಿಸುತ್ತದೆ ಅಷ್ಟೆ. ನೀರನ್ನು ಒಳಕ್ಕೆ ತಳ್ಳುವುದು ಹೊರಗಿನ ವಾಯುಮಂಡಲ. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವ ಕೋಲಾರದಲ್ಲಿ ಗಾಳಿಯ ಒತ್ತಡ 9 ಮೀಟರಿಗೆ ಸ್ವಲ್ಪ ಮಿಕ್ಕ ನೀರಿನ ಕಂಬಕ್ಕೆ ಸಮ. ಅಂದರೆ ಜಾಲರಿಯ ಮೂಲಕ ನೀರನ್ನು ನುಗ್ಗಿಸಲು ನಮಗೆ ದೊರೆಯುವ ಬಲ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಮಿಗೂ ಕಡಿಮೆ. ಇಂಜಿನು ಎಷ್ಟೇ ಬಲಶಾಲಿಯಾಗಿರಲಿ, ಇದನ್ನು ಹೆಚ್ಚಿಸಲಾರದು. ಜಾಲರಿ ಕಟ್ಟಿದ್ದರೆ ಇಂಜಿನಿನ ವೇಗವನ್ನು ಏರಿಸಿದರೂ ಸದ್ದು ಏರುತ್ತದೆ, ತುಂತುರು ಏರುವುದಿಲ್ಲ.

ಕವಾಟ ಸೋರುತ್ತಿದ್ದರೆ ಹೀಗಲ್ಲ. ಕವಾಟದ ಅಂಚಿನಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡಿದೆಯೆಂದು ಭಾವಿಸೋಣ. ಆ ಸಂದಿನಿಂದ ನೀರು ಹಿಂದಕ್ಕೆ ಸೋರಲು ಕಾಲ ಬೇಕು. ಪೊರೆ ನಿಧಾನವಾಗಿ ಆಡಿದರೆ ಪ್ರತಿ ಸಾರಿಯೂ ಬಹಳ ಸೋರುತ್ತದೆ, ಬೇಗ ಬೇಗ ಆಡಿದರೆ ಸೋರಲು ಅವಕಾಶ ಕಡಿಮೆ. ಆದುದರಿಂದ ವೇಗ ಏರಿಸಿದಾಗ ತುಂತುರು ಎದ್ದು ಕಾಣುವಂತೆ ಚೇತರಿಸಿಕೊಳ್ಳುತ್ತದೆ, ಇಳಿಸಿದೊಡನೆ ಕುಗ್ಗಿ ಮಿಡಿಯತೊಡಗುತ್ತದೆ. ಹೀಗೆ ಇಂಜಿನಿನ ವೇಗದ ಹಿಡಿಯೊಂದೇ, ಏನನ್ನೂ ಬಿಚ್ಚದೆ, ತಪ್ಪು ಯಾವ ಕಡೆ ಇದೆಯೆಂದು ನಮಗೆ ಹೇಳುತ್ತದೆ.

ಆ ತೋಟದ ಯಂತ್ರದಲ್ಲಿ ವೇಗ ಏರಿಸಿ ಮತ್ತೆ ಅಳೆದೆವು. 610 ಮಿಲಿಲೀಟರು ಬಂದಿತು, ಅಂದರೆ ಬದಲಾವಣೆಯೇ ಇಲ್ಲ. ತೊಟ್ಟಿಯ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತು ಕಟ್ಟಿದ್ದರೂ ಇದೇ ಲಕ್ಷಣ ಕಾಣಿಸುತ್ತದೆ, ಏಕೆಂದರೆ ಆಗ ವಾಯುಮಂಡಲಕ್ಕೆ ನೀರನ್ನು ತಳ್ಳಲು ದಾರಿಯಿರುವುದಿಲ್ಲ. ಮುಚ್ಚಳವನ್ನು ಸಡಿಲಿಸಿ ನೋಡಿದೆವು, ಪ್ರಯೋಜನವಾಗಲಿಲ್ಲ. ಇಂಜಿನನ್ನು ನಿಲ್ಲಿಸಿ, ಕೊಳವೆಯಲ್ಲಿದ್ದ ಒತ್ತಡವನ್ನು ಬಿಟ್ಟು, ಕೈಗವಸು ಹಾಕಿಕೊಂಡು ಜಾಲರಿಯನ್ನು ಹೊರತೆಗೆದೆವು. ಅದರ ಮೇಲೆ ಹಳದಿ ಮಿಶ್ರಿತ ಬೂದುಬಣ್ಣದ ಲೇಪವೇ ಕಟ್ಟಿತ್ತು. ಎಲೆಚುಕ್ಕೆಗೆ ಬಳಸುವ ಪುಡಿ ನೀರಿನಲ್ಲಿ ಕರಗುವುದಿಲ್ಲ, ತೇಲುತ್ತಿರುತ್ತದೆ. ಬಕೆಟ್ಟಿನಲ್ಲಿ ಮೊದಲು ಚೆನ್ನಾಗಿ ಕಲಸಿ ಸೋಸದೆ ನೇರವಾಗಿ ತೊಟ್ಟಿಗೆ ಸುರಿದರೆ ಅದು ಗಂಟುಗಟ್ಟಿ ಜಾಲರಿಗೆ ಅಂಟುತ್ತದೆ. ಇಮ್ಮಡಿ ಪುಡಿ ಹಾಕಿದ್ದರಿಂದ ರೋಗ ಕಡಿಮೆಯಾಗುವ ಬದಲು ಜಾಲರಿಯೇ ಇನ್ನಷ್ಟು ಕಟ್ಟಿತ್ತು. ಕೃಷಿಹೊಂಡದ ಪಾಚಿಯೂ ಅದಕ್ಕೆ ಸೇರಿಕೊಂಡಿತ್ತು. ಸಾಬೂನು ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜಾಲರಿಯನ್ನು ಉಜ್ಜಿ ತೊಳೆದು, ಅದರ ವಾಷರನ್ನು ಸರಿಯಾಗಿ ಕೂರಿಸಿ ಜೋಡಿಸಿದೆವು. ವಾಷರು ತಪ್ಪಿದರೆ ಪಂಪು ನೀರಿನೊಡನೆ ಗಾಳಿಯನ್ನೂ ಎಳೆದುಕೊಂಡು, ತುಂತುರು ಗುಳ್ಳೆಗೂಡಿ ಉಗುಳಿದಂತೆ ಬರುತ್ತದೆ.

ಈ ಸಾರಿ ಪಾತ್ರೆಗೆ 950 ಮಿಲಿಲೀಟರು ಬಂದಿತು. ಯಜಮಾನರಿಗೆ ಸಮಾಧಾನವಾಯಿತು, ತುಂತುರು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಲೆಕ್ಕ ಮಾಡಿ ನೋಡಿರಿ. 950ನ್ನು 1200ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 0.63 ಬರುತ್ತದೆ. ಒತ್ತಡದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇನ್ನೂ ಕಾಣೆಯಾಗಿತ್ತು. ಮತ್ತೆ ವೇಗವನ್ನು ಏರಿಸಿದೆವು. ಈಗ ತುಂತುರು ಸ್ಪಷ್ಟವಾಗಿ ಹೆಚ್ಚಿತು, ಇಳಿಸಿದಾಗ ಮಿಡಿಯಿತು. ಮೊದಲ ದೋಷದ ಮರೆಯಲ್ಲಿ ಅಡಗಿದ್ದ ಎರಡನೆಯ ದೋಷ, ಎಂದರೆ ಕವಾಟದ ದೋಷ, ಈಗ ಮುಖ ತೋರಿಸಿತ್ತು.

ಕವಾಟಗಳನ್ನು ಬಿಚ್ಚುವಾಗ ಯಾವುದು ಎಲ್ಲಿತ್ತು, ಯಾವ ಮುಖ ಮೇಲಿತ್ತು ಎಂದು ಗುರುತು ಹಾಕಿಕೊಳ್ಳಬೇಕು. ತಿರುಗಮುರುಗಾಗಿ ಜೋಡಿಸಿದರೆ ನೀರೇ ಬರುವುದಿಲ್ಲ. ಕವಾಟ ಕೂರುವ ಪೀಠವನ್ನು ಬೆಳಕಿಗೆ ಹಿಡಿದು ನೋಡಿದೆವು. ಹೊರದಾರಿಯ ಕವಾಟದ ಪೀಠದಲ್ಲಿ ಬಿಳಿಯ ಹೊಪ್ಪಳೆಯೊಂದು ಕಟ್ಟಿತ್ತು. ಈ ಭಾಗದ ಕೊಳವೆ ಬಾವಿಗಳ ನೀರು ಅನೇಕ ಕಡೆ ಗಡಸು, ಒಣಗಿದಾಗ ಸುಣ್ಣದ ಪದರ ಬಿಡುತ್ತದೆ. ಚೆನ್ನಾಗಿ ತೊಳೆದ ಭಾಗಗಳನ್ನು ನಿಂಬೆರಸದಲ್ಲಿ ಸ್ವಲ್ಪ ಹೊತ್ತು ನೆನೆಸಿದಾಗ ಆ ಪದರ ಗುಳ್ಳೆಯೆದ್ದು ಕರಗಿತು. ಕವಾಟ ಮುಚ್ಚುತ್ತದೆಯೆ ಎಂದು ನೋಡಲು ಬಾಯಿಂದ ಊದುವ ಅಭ್ಯಾಸ ಹಲವರಲ್ಲಿದೆ. ವಿಷ ಹರಿದ ದಾರಿಗೆ ಬಾಯಿಡುವುದು ಅಪಾಯ. ಮುಚ್ಚಿದ ಕವಾಟದ ಮೇಲೆ ನೀರು ನಿಲ್ಲಿಸಿ, ಕೆಳಗೆ ತೊಟ್ಟಿಕ್ಕುತ್ತದೆಯೆ ಎಂದು ನೋಡಿದರೆ ಸಾಕು. ನಮ್ಮದು ಈಗ ತೊಟ್ಟಿಕ್ಕಲಿಲ್ಲ. ಜೋಡಿಸಿ ಅಳೆದಾಗ 1180 ಮಿಲಿಲೀಟರು ಬಂದಿತು.

ಡಯಾಫ್ರಮ್ಮಿನ ಗತಿಯೇನು? ಅದು ಹರಿದಿದ್ದರೆ ನೀರು ಪೊರೆಯನ್ನು ದಾಟಿ ಹಿಂಬದಿಗೆ ಹೋಗಲೇಬೇಕು. ಹಿಂಬದಿಯಲ್ಲಿ ಎಣ್ಣೆಯಿರುವ ಪಂಪಿನಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಎಣ್ಣೆಯಿಲ್ಲದ ಬಗೆಯಲ್ಲಿ ಪೊರೆಯ ಹಿಂದಿನ ಸಣ್ಣ ರಂಧ್ರದಿಂದ ನೀರು ತೊಟ್ಟಿಕ್ಕುತ್ತದೆ. ಈ ಯಂತ್ರದ ಎಣ್ಣೆ ತಿಳಿಯಾಗಿತ್ತು, ಆದಕಾರಣ ಪೊರೆಯನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಪೊರೆ ಹರಿಯದೆಯೂ ಕೆಡಬಹುದು. ಕೆಲವು ದ್ರವ ಔಷಧಿಗಳಲ್ಲಿರುವ ದ್ರಾವಕಗಳು ರಬ್ಬರನ್ನು ಉಬ್ಬಿಸುತ್ತವೆ, ಹಳತಾದ ರಬ್ಬರು ಬಿರುಸಾಗುತ್ತದೆ. ಜಾಲರಿಯೂ ಕವಾಟವೂ ಸರಿಯಾಗಿದ್ದು ಹರಿವು ಮಾತ್ರ ಮರಳದಿದ್ದರೆ ಆಗ ಪೊರೆಯನ್ನು ಹೊರತೆಗೆದು, ಬಾಗಿಸಿ, ಬಿರುಕು ಹುಡುಕಬೇಕು. ಹೊಸದನ್ನು ಕೂರಿಸುವಾಗ ಎದುರು ಬದುರಿನ ತಿರುಪುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಇಲ್ಲವಾದರೆ ಪೊರೆ ಸುಕ್ಕುಗಟ್ಟುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಅನೇಕ ಇಂಜಿನುಗಳ ಕಾರ್ಬುರೇಟರಿನಲ್ಲಿಯೂ ಡಯಾಫ್ರಮ್ ಎಂಬ ಪೊರೆ ಇರುತ್ತದೆ. ಅದು ಕೆಟ್ಟರೆ ಇಂಜಿನೇ ತಡವರಿಸುತ್ತದೆ. ಇಂಜಿನು ಸರಾಗವಾಗಿ ಓಡುತ್ತಿರುವಾಗ ಅದನ್ನು ಬದಲಾಯಿಸಿ ಫಲವಿಲ್ಲ. ಎರಡನೆಯದಾಗಿ, ಎಲ್ಲ ಯಂತ್ರಗಳಲ್ಲಿಯೂ ಪಂಪಿಗೆ ಪೊರೆ ಇರುವುದಿಲ್ಲ, ಹಲವಕ್ಕೆ ಉರುಳೆಯಾಕಾರದ ಪಿಸ್ಟನ್ನು ಇರುತ್ತದೆ. ಅಂತಹವುಗಳಲ್ಲಿ ಪೊರೆಯ ಬದಲು ಪಿಸ್ಟನ್ನಿನ ಸುತ್ತಲಿನ ಸೀಲನ್ನು ನೋಡಬೇಕು. ಜಾಲರಿ ಮತ್ತು ಕವಾಟಗಳ ಪರೀಕ್ಷೆ ಮಾತ್ರ ಎರಡಕ್ಕೂ ಒಂದೇ.

ನಾವು ಹೊರಡುವಾಗ ಯಜಮಾನರ ಮಗನು ಬಣ್ಣದ ಡಬ್ಬಿ ತಂದು ತೊಟ್ಟಿಯ ಮೇಲೆ 1200 ಎಂದು ದಪ್ಪಕ್ಷರದಲ್ಲಿ ಬರೆದನು. ಮುಂದಿನ ಸಾರಿ ಔಷಧಿ ಕಲಸುವ ಮುನ್ನ ಶುದ್ಧ ನೀರಿನಿಂದ ಒಂದು ನಿಮಿಷ ಅಳೆದು, ಈ ಸಂಖ್ಯೆಯೊಡನೆ ಹೋಲಿಸುವುದಾಗಿ ಹೇಳಿದನು. ಔಷಧಿಯ ಪ್ರಮಾಣವನ್ನು ಡಬ್ಬಿಯ ಮೇಲೆ ಸೂಚಿಸಿರುವಷ್ಟಕ್ಕೇ ಇಳಿಸಲು ಯಜಮಾನರೂ ಒಪ್ಪಿದರು.