ಅರ್ಧ ಸೆಕೆಂಡಿನಲ್ಲಿ ಕುಸಿದ ಜಾಲ

ಮನೆಯ ಪ್ಲಗ್ಗಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಏರಿಳಿಯುತ್ತದೆ. ಇದೇ 50 ಹರ್ಟ್ಸ್ ಆವರ್ತನ. ಈ ಸಂಖ್ಯೆ ಹುಟ್ಟುವುದು ವಿದ್ಯುತ್ ಕೇಂದ್ರದೊಳಗೆ ತಿರುಗುವ ಉಕ್ಕಿನಿಂದ. ಕಲ್ಲಿದ್ದಲು ಅಥವಾ ಅನಿಲದ ಕೇಂದ್ರದ ದೊಡ್ಡ ಜನರೇಟರಿನ ರೋಟರ್ ಸಾಮಾನ್ಯವಾಗಿ ನಿಮಿಷಕ್ಕೆ 3,000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಜಲವಿದ್ಯುತ್ ಯಂತ್ರಗಳು ನಿಧಾನವಾಗಿ ತಿರುಗಿದರೂ ಅವುಗಳಲ್ಲಿ ಹೆಚ್ಚು ಜೊತೆ ಧ್ರುವಗಳಿರುವುದರಿಂದ ಅದೇ 50 ಹರ್ಟ್ಸ್ ಕೊಡುತ್ತವೆ. ಒಂದು ಜಾಲಕ್ಕೆ ಸೇರಿದ ಇಂಥ ಯಂತ್ರಗಳೆಲ್ಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಒಟ್ಟಿಗೇ ನಡೆಯುತ್ತವೆ. ಒಂದು ನಿಧಾನವಾದರೆ ಎಲ್ಲವೂ ನಿಧಾನ.

ಕುಂಬಾರನ ತಿಗರಿಯನ್ನು ಹತ್ತಿರದಿಂದ ನೋಡಿದವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ಅಂಚಿನ ಕುಳಿಗೆ ಕೋಲು ಕೊಟ್ಟು ಜೋರಾಗಿ ತಿರುಗಿಸಿ, ಕೋಲು ತೆಗೆದು, ಆಮೇಲೆ ಮಣ್ಣಿಗೆ ಕೈ ಇಡುತ್ತಾರೆ. ಕೈಯ ಒತ್ತಡ ತಿಗರಿಯನ್ನು ತಡೆಯುತ್ತಲೇ ಇರುತ್ತದೆ. ಆದರೂ ಗಡಿಗೆಗೆ ಆಕಾರ ಬರುವಷ್ಟು ಹೊತ್ತು ಅದು ತಿರುಗುತ್ತದೆ, ಏಕೆಂದರೆ ಅದರ ಭಾರದಲ್ಲಿ ಶಕ್ತಿ ಕೂಡಿಟ್ಟಿದೆ. ಅದೇ ವೇಗದಲ್ಲಿ ತಿರುಗಿಸಿದ ಹಗುರವಾದ ಹಲಗೆ ಕೈ ಇಟ್ಟ ತಕ್ಷಣ ನಿಂತುಬಿಡುತ್ತದೆ. ತಿರುಗುವ ವಸ್ತು ತನ್ನ ವೇಗ ಬಿಟ್ಟುಕೊಡಲು ಒಪ್ಪದ ಈ ಗುಣವೇ ಜಡತ್ವ. ಜಾಲದ ಜಡತ್ವ ಎಂದರೆ ಅದಕ್ಕೆ ಸೇರಿದ ರೋಟರುಗಳಲ್ಲಿ ಕೂಡಿಟ್ಟ ಒಟ್ಟು ಚಲನಶಕ್ತಿ. ಇದನ್ನು ಮೆಗಾವಾಟ್-ಸೆಕೆಂಡುಗಳಲ್ಲಿ ಅಳೆಯುತ್ತಾರೆ.

ಒಂದು ದೊಡ್ಡ ಜನರೇಟರ್ ಹಠಾತ್ತನೆ ನಿಂತಿತು ಎಂದುಕೊಳ್ಳಬಹುದು. ಬಳಕೆ ಆ ಕ್ಷಣದಲ್ಲಿ ಕಡಿಮೆಯಾಗುವುದಿಲ್ಲ. ಊರಿನ ಪಂಪು, ಫ್ಯಾನುಗಳಿಗೆ ಸುದ್ದಿ ಗೊತ್ತಿಲ್ಲ. ಉಳಿದ ಕೇಂದ್ರಗಳು ಕವಾಟ ತೆರೆದು ಹೆಚ್ಚು ಉಗಿ ಬಿಡಲು ಕೆಲವು ಸೆಕೆಂಡು ಹಿಡಿಯುತ್ತದೆ. ಅಷ್ಟರವರೆಗಿನ ಕೊರತೆಯನ್ನು ಯಾರ ಅಪ್ಪಣೆಯೂ ಇಲ್ಲದೆ ತುಂಬುವುದು ರೋಟರುಗಳ ಚಲನಶಕ್ತಿ. ಶಕ್ತಿ ಕೊಟ್ಟಷ್ಟೂ ಅವು ನಿಧಾನವಾಗುತ್ತವೆ, ಆವರ್ತನ ಇಳಿಯುತ್ತದೆ. ಆ ಇಳಿತ ಸೆಕೆಂಡಿಗೆ ಎಷ್ಟು ಹರ್ಟ್ಸ್ ಎಂಬುದೇ ಆವರ್ತನ ಬದಲಾವಣೆಯ ದರ. ಎಂಜಿನಿಯರುಗಳ ಬಾಯಲ್ಲಿ ಇದು ರೋಕಾಫ್. ಮೊದಲ ಕ್ಷಣದ ಲೆಕ್ಕ ಹೀಗಿದೆ:

RoCoF = f × ΔP / (2 × E)

f ಎಂದರೆ 50 ಹರ್ಟ್ಸ್, ΔP ಎಂದರೆ ಕಳೆದುಹೋದ ಮೆಗಾವಾಟ್, E ಎಂದರೆ ರೋಟರುಗಳಲ್ಲಿರುವ ಶಕ್ತಿ. E ಅರ್ಧವಾದರೆ ಬೀಳುವ ವೇಗ ಇಮ್ಮಡಿಯಾಗುತ್ತದೆ.

ಸೌರ ಫಲಕದಲ್ಲಿ ತಿರುಗುವುದು ಏನೂ ಇಲ್ಲ. ಗಾಳಿಯಂತ್ರದಲ್ಲಿ ಭಾರವಾದ ರೆಕ್ಕೆಗಳಿದ್ದರೂ ಇಂದಿನ ಯಂತ್ರಗಳಲ್ಲಿ ಅವುಗಳ ವೇಗಕ್ಕೂ ಜಾಲದ ಆವರ್ತನಕ್ಕೂ ನೇರ ಕೊಂಡಿಯಿಲ್ಲ. ನಡುವೆ ಎಲೆಕ್ಟ್ರಾನಿಕ್ ಪರಿವರ್ತಕ ಕುಳಿತಿರುತ್ತದೆ. ಸಾಮಾನ್ಯ ಇನ್ವರ್ಟರ್ ಜಾಲದ ತಾಳವನ್ನು ಅಳೆದು ಅದರ ಹಿಂದೆಯೇ ನಡೆಯುತ್ತದೆ. ತಾಳ ನಿಧಾನವಾದರೆ ತಾನೂ ನಿಧಾನವಾಗಿ ಹೆಜ್ಜೆ ಹಾಕುತ್ತದೆಯೇ ಹೊರತು ಅದನ್ನು ಎತ್ತಿ ಹಿಡಿಯುವುದಿಲ್ಲ. ಇಂಥ ಕೇಂದ್ರಗಳು ಹೆಚ್ಚಿದಂತೆ ಉಗಿಯ ಯಂತ್ರಗಳನ್ನು ನಿಲ್ಲಿಸುತ್ತಾರೆ. ಆಗ ಮೆಗಾವಾಟುಗಳಿಗೆ ಬದಲಿ ಸಿಗುತ್ತದೆ, ಭಾರಕ್ಕೆ ಸಿಗುವುದಿಲ್ಲ.

ಇದು ಎಷ್ಟು ಗಂಭೀರ ಎಂಬುದನ್ನು ಜಗತ್ತು ಕಂಡದ್ದು 2016ರ ಸೆಪ್ಟೆಂಬರ್ 28ರ ಸಂಜೆ, ದಕ್ಷಿಣ ಆಸ್ಟ್ರೇಲಿಯಾದಲ್ಲಿ. ಆಗ ರಾಜ್ಯದ ಬೇಡಿಕೆ ಸುಮಾರು 1,800 ಮೆಗಾವಾಟ್. ಅದರಲ್ಲಿ 880ರಷ್ಟು ಗಾಳಿಯಿಂದ, 330ರಷ್ಟು ಅನಿಲದ ಯಂತ್ರಗಳಿಂದ, 610ರಷ್ಟು ನೆರೆಯ ವಿಕ್ಟೋರಿಯಾದಿಂದ ಬರುತ್ತಿತ್ತು. ಸುಂಟರಗಾಳಿಗೆ 275 ಕಿಲೋವೋಲ್ಟಿನ ಮೂರು ಮಾರ್ಗಗಳ ಗೋಪುರಗಳು ಉರುಳಿದವು. ಎರಡೇ ನಿಮಿಷದಲ್ಲಿ ವೋಲ್ಟೇಜು ಆರು ಬಾರಿ ಕುಸಿದು ಮೇಲೆದ್ದಿತು. ಹಲವು ಗಾಳಿ ಕೇಂದ್ರಗಳ ನಿಯಂತ್ರಕಗಳಲ್ಲಿ ಇಂಥ ಕುಸಿತಗಳನ್ನು ಎಣಿಸಿ, ಮಿತಿ ಮೀರಿದರೆ ಉತ್ಪಾದನೆ ತಗ್ಗಿಸುವ ವ್ಯವಸ್ಥೆ ಇತ್ತು. ಆ ಎಣಿಕೆ ಮಿತಿ ಮುಟ್ಟಿದ್ದೇ ಏಳು ಸೆಕೆಂಡಿನೊಳಗೆ 456 ಮೆಗಾವಾಟ್ ಮಾಯವಾಯಿತು. ಆ ಕೊರತೆಯೆಲ್ಲ ವಿಕ್ಟೋರಿಯಾದಿಂದ ಬರುವ ಹೇವುಡ್ ಮಾರ್ಗದ ಮೇಲೆ ಬಿತ್ತು. ಮಿತಿ ಮೀರಿದ ಹೊರೆಗೆ ರಕ್ಷಣಾ ವ್ಯವಸ್ಥೆ ಆ ಮಾರ್ಗವನ್ನೂ ಕಡಿದುಹಾಕಿತು. ರಾಜ್ಯ ಒಂಟಿ ದ್ವೀಪವಾಯಿತು, ಬೇಡಿಕೆಯ ಅರ್ಧದಷ್ಟು, ಸುಮಾರು 900 ಮೆಗಾವಾಟ್, ಒಂದೇ ಏಟಿಗೆ ಹೋಯಿತು.

ಆ ಹೊತ್ತಿಗೆ ರಾಜ್ಯದೊಳಗೆ ತಿರುಗುತ್ತಿದ್ದ ರೋಟರುಗಳಲ್ಲಿದ್ದುದು ಸುಮಾರು 3,000 ಮೆಗಾವಾಟ್-ಸೆಕೆಂಡ್. ಸೂತ್ರಕ್ಕೆ ಹಾಕಿದರೆ ಸೆಕೆಂಡಿಗೆ 7.5 ಹರ್ಟ್ಸ್ ಬರುತ್ತದೆ. ನಿಜವಾಗಿ ದಾಖಲಾದದ್ದು ಸುಮಾರು 6. ವೋಲ್ಟೇಜು, ಆವರ್ತನಗಳು ಇಳಿದಾಗ ಬಳಕೆಯೂ ಸ್ವಲ್ಪ ತಗ್ಗುವುದರಿಂದ ಲೆಕ್ಕಕ್ಕೂ ಅಳತೆಗೂ ಇಷ್ಟು ಅಂತರ ಸಹಜ.

ಇಂಥ ಗಳಿಗೆಗೆಂದೇ ಸಬ್‌ಸ್ಟೇಷನ್ನುಗಳಲ್ಲಿ ರಿಲೇಗಳಿರುತ್ತವೆ. ಆಸ್ಟ್ರೇಲಿಯಾದಲ್ಲಿ ಆವರ್ತನ 49ಕ್ಕಿಂತ ಇಳಿದರೆ ಅವು ತಾವಾಗಿಯೇ ಒಂದೊಂದೇ ಬಡಾವಣೆಯ ಫೀಡರ್ ಕಡಿದು ಉಳಿದ ಜಾಲವನ್ನು ಉಳಿಸಿಕೊಳ್ಳುತ್ತವೆ. 47ರ ಕೆಳಗೆ ಹೋದರೆ ಜನರೇಟರುಗಳೇ ತಮ್ಮನ್ನು ಕಾಪಾಡಿಕೊಳ್ಳಲು ಕಳಚಿಕೊಳ್ಳುತ್ತವೆ. ಹಾಗಾಗಿ ಎಲ್ಲ ಕೆಲಸವೂ 49ರಿಂದ 47ರ ನಡುವೆ ಮುಗಿಯಬೇಕು. ಸೆಕೆಂಡಿಗೆ 6 ಹರ್ಟ್ಸ್ ವೇಗದಲ್ಲಿ ಆ ದಾರಿ ಸವೆಯಲು ಹಿಡಿಯುವುದು ಸೆಕೆಂಡಿನ ಮೂರನೇ ಒಂದು ಭಾಗ. ರಿಲೇ ಆವರ್ತನವನ್ನು ಅಳೆದು ಖಚಿತಪಡಿಸಿಕೊಳ್ಳಬೇಕು, ಬ್ರೇಕರಿನ ಸಂಪರ್ಕಗಳು ಬಿಚ್ಚಿಕೊಳ್ಳಬೇಕು. ಇಷ್ಟಕ್ಕೇ ಆ ಹೊತ್ತು ಸಾಲದು. 50ರಿಂದ ಎಣಿಸಿದರೂ ಅರ್ಧ ಸೆಕೆಂಡು ಕಳೆಯುವಷ್ಟರಲ್ಲಿ ರಾಜ್ಯವೆಲ್ಲ ಕತ್ತಲಾಗಿತ್ತು. ಸುಮಾರು ಎಂಟೂವರೆ ಲಕ್ಷ ಗ್ರಾಹಕರಿಗೆ ವಿದ್ಯುತ್ತು ಹೋಯಿತು.

ಗಾಳಿ ವಿದ್ಯುತ್ತೇ ಕಾರಣ ಎಂದು ಆಗ ದೊಡ್ಡ ಗದ್ದಲವೆದ್ದಿತು. ಆದರೆ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡುವುದು ನ್ಯಾಯ. ಗಾಳಿ ಕೇಂದ್ರಗಳು ಹಿಂದೆ ಸರಿದದ್ದು ನಿಯಂತ್ರಕದ ಒಂದು ಸಂಖ್ಯೆಯಿಂದ. ಆಮೇಲೆ ಅದನ್ನು ಬದಲಿಸಿದರು. ಒಮ್ಮೆ ಬೀಳತೊಡಗಿದ ಮೇಲೆ ಯಾರೂ ತಡೆಯಲಾಗದ ವೇಗ ಬಂದದ್ದು ಮಾತ್ರ ಜಡತ್ವ ಕಡಿಮೆಯಿದ್ದುದರಿಂದ. ಅದಕ್ಕೆ ಸಂಖ್ಯೆ ಬದಲಿಸಿದರೆ ಸಾಲದು.

ಜಾಲದ ಗಾತ್ರವೂ ಇಲ್ಲಿ ದೊಡ್ಡ ಮಾತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ ದಕ್ಷಿಣದ ಜಾಲ ದೇಶದ ಜಾಲದೊಂದಿಗೆ ಒಂದೇ ಆವರ್ತನದಲ್ಲಿ ಬೆಸೆದುಕೊಂಡಿತು. ಇಂಥ ಜಾಲದಲ್ಲಿ 1.5 ಲಕ್ಷ ಮೆಗಾವಾಟಿನ ಯಂತ್ರಗಳು ತಿರುಗುತ್ತಿವೆ, ಪ್ರತಿ ಮೆಗಾವಾಟಿಗೆ 4 ಮೆಗಾವಾಟ್-ಸೆಕೆಂಡ್ ಶಕ್ತಿಯಿದೆ ಎಂದು ಇಟ್ಟುಕೊಂಡರೆ, ಅದೇ 900 ಮೆಗಾವಾಟಿನ ಏಟಿಗೆ ಇಳಿತ ಸೆಕೆಂಡಿಗೆ 0.04 ಹರ್ಟ್ಸನ್ನೂ ಮುಟ್ಟುವುದಿಲ್ಲ. ಪಾವಗಡದಂಥ ಸೌರ ಪಾರ್ಕುಗಳಿದ್ದರೂ ಕರ್ನಾಟಕ ಒಂಟಿಯಲ್ಲ, ದೇಶದ ರೋಟರುಗಳೆಲ್ಲ ಅದರ ಬೆನ್ನಿಗಿವೆ. ದಕ್ಷಿಣ ಆಸ್ಟ್ರೇಲಿಯಾ ಕಳೆದುಕೊಂಡದ್ದು ಈ ಆಸರೆಯನ್ನೇ.

ಘಟನೆಯಾದ ಮರುತಿಂಗಳೇ ಅಲ್ಲಿನ ಸರ್ಕಾರ ಒಂದು ಮಿತಿ ಹಾಕಿತು. ಹೇವುಡ್ ಮಾರ್ಗ ಕಡಿದರೂ ಇಳಿತ ಸೆಕೆಂಡಿಗೆ 3 ಹರ್ಟ್ಸ್ ಮೀರದಂತೆ ಜಾಲವನ್ನು ನಡೆಸಬೇಕು. 2017ರ ಕೊನೆಗೆ ಹಾರ್ನ್ಸ್‌ಡೇಲಿನಲ್ಲಿ 100 ಮೆಗಾವಾಟಿನ ಬ್ಯಾಟರಿ ಬಂತು. ಬ್ಯಾಟರಿ ಬಹಳ ಚುರುಕು, ಆದರೆ ಮೊದಲಿದ್ದ ರೀತಿಯಲ್ಲಿ ಅದು ಆವರ್ತನ ಇಳಿದದ್ದನ್ನು ಅಳೆದ ಮೇಲೆಯೇ ಸ್ಪಂದಿಸುತ್ತಿತ್ತು. ರೋಟರಿಗೆ ಅಳೆಯುವ ಕೆಲಸವೇ ಇಲ್ಲ. 2022ರಲ್ಲಿ ಆ ಬ್ಯಾಟರಿಯ ಇನ್ವರ್ಟರುಗಳಿಗೆ ರೋಟರಿನಂತೆಯೇ ವರ್ತಿಸುವ ನಿಯಂತ್ರಣ ಕೊಟ್ಟರು. ಈಗ ಅವು ತಾಳ ಹಿಂಬಾಲಿಸುವ ಬದಲು ತಾಳ ಹಿಡಿಯುತ್ತವೆ.

ಇನ್ನೊಂದು ದಾರಿ ಹಳೆಯದು, ಗಟ್ಟಿಯಾದದ್ದು. 2021ರಲ್ಲಿ ಡಾವನ್‌ಪೋರ್ಟ್ ಮತ್ತು ರಾಬರ್ಟ್ಸ್‌ಟೌನ್ ಸಬ್‌ಸ್ಟೇಷನ್ನುಗಳಲ್ಲಿ ಎರಡೆರಡರಂತೆ ನಾಲ್ಕು ಸಿಂಕ್ರೊನಸ್ ಕಂಡೆನ್ಸರುಗಳು ಕೆಲಸ ಶುರುಮಾಡಿದವು. ಇವು ಟರ್ಬೈನ್ ಇಲ್ಲದ ಜನರೇಟರುಗಳು. ಜಾಲದಿಂದಲೇ ಒಂದಿಷ್ಟು ವಿದ್ಯುತ್ತು ಪಡೆದು, ಭಾರದ ಗಾಲಿಯೊಂದನ್ನು ಜೊತೆಗಿಟ್ಟುಕೊಂಡು ಹಗಲೂ ರಾತ್ರಿ ಸುಮ್ಮನೆ ತಿರುಗುತ್ತವೆ. ಒಂದೊಂದರಲ್ಲೂ 1,100 ಮೆಗಾವಾಟ್-ಸೆಕೆಂಡ್, ಒಟ್ಟು 4,400. ಇದಕ್ಕೆ 2016ರ ಆ ಸಂಜೆಯ 3,000 ಕೂಡಿಸಿ, ಅದೇ 900 ಮೆಗಾವಾಟಿನ ಏಟು ಕೊಟ್ಟು ಸೂತ್ರಕ್ಕೆ ಹಾಕಿದರೆ ಸೆಕೆಂಡಿಗೆ ಸುಮಾರು 3 ಹರ್ಟ್ಸ್ ಬರುತ್ತದೆ. 49ರಿಂದ 47ಕ್ಕೆ ಇಳಿಯಲು ಆಗ ಹಿಡಿಯುವುದು ಸೆಕೆಂಡಿನ ಮೂರನೇ ಎರಡು ಭಾಗ. ಅಷ್ಟರಲ್ಲಿ ರಿಲೇ ಅಳೆದು ಬ್ರೇಕರ್ ಬಿಚ್ಚಿಸಿರುತ್ತದೆ.